ಎಪ್ಪತ್ತಮೂರು ಪೈಸೆ

ಒಂದು ರೂಪಾಯಿ ಚಿಲ್ಲರೆ ಇಲ್ಲವೆಂದು ಅಂಗಡಿಯವರು ಚಾಕೊಲೇಟ್ ಕೊಟ್ಟು ಕಳಿಸುವ ಕಾಲದಲ್ಲಿ ನಾನು ಪೈಸೆಯಲ್ಲಿ ಬದುಕಿದವನು. ತುಮಕೂರಿನ ಹೊರವಲಯದ ನಮ್ಮ ಕಾರ್ಖಾನೆಯಲ್ಲಿ ಸ್ಕೂಟರಿನ ಹಾರ್ನ್ ತಯಾರಾಗುತ್ತದೆ. ಒಂದು ಹಾರ್ನಿಗೆ ಎಷ್ಟು ಖರ್ಚಾಯಿತು, ಮುಂದಿನ ವರ್ಷ ಅದು ಎಷ್ಟು ಇಳಿಯಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ತುಮಕೂರಿನದೇ ಸದಾಶಿವನಗರದ ಮನೆಯಲ್ಲಿ ನನ್ನ ಹೆಂಡತಿ ಇದನ್ನು ಪೀಪಿ ಲೆಕ್ಕ ಎನ್ನುತ್ತಾಳೆ. ಪಕ್ಕದ ಮನೆಯವರು ಕೇಳಿದರೆ ನಾನು ಎಂಜಿನಿಯರ್ ಎಂದಷ್ಟೇ ಹೇಳಿ ಮಾತು ಮುಗಿಸುತ್ತೇನೆ.

ಹೊಸ ವಸ್ತುವಿನ ನಕ್ಷೆ ಬರೆಯುವಾಗಲೇ ಅದರ ಖರ್ಚನ್ನು ಕಟ್ಟಿಹಾಕುವುದು ಬೇರೆಯವರ ವಿದ್ಯೆ. ತಯಾರಿಕೆ ಶುರುವಾದ ಮೇಲೆ, ಅದೇ ಯಂತ್ರ, ಅದೇ ಜನ, ಅದೇ ಹಾರ್ನ್ ಇಟ್ಟುಕೊಂಡು ವರ್ಷ ವರ್ಷ ಒಂದಿಷ್ಟು ಕರಗಿಸುತ್ತಾ ಹೋಗುವುದು ನನ್ನ ವಿದ್ಯೆ. ಅದಕ್ಕೆ ಕೈಜೆನ್ ಲೆಕ್ಕ ಎಂಬ ಜಪಾನಿ ಹೆಸರಿದೆ. ಸ್ಕೂಟರ್ ಕಂಪನಿಯವರು ಒಪ್ಪಂದದಲ್ಲೇ ಬರೆಸಿಕೊಂಡಿರುತ್ತಾರೆ: ಮೊದಲ ವರ್ಷ ಈ ದರ, ಆಮೇಲೆ ಪ್ರತಿ ವರ್ಷ ಇಷ್ಟಿಷ್ಟು ಕಡಿಮೆ. ದರ ಇಳಿದಾಗ ನಮ್ಮ ಖರ್ಚೂ ಇಳಿಯಬೇಕು, ಇಲ್ಲದಿದ್ದರೆ ಕಾರ್ಖಾನೆ ಬಾಗಿಲು ಹಾಕಬೇಕು. ಇದರಲ್ಲಿ ಯಾರದೂ ಮೋಸವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲಿರುವ ತಪ್ಪನ್ನು ಜಪಾನಿನವರ ಮೇಲೆ ಹಾಕಲು ನನಗೆ ಇಷ್ಟವಿಲ್ಲ. ಅದು ಪೂರ್ತಿ ನನ್ನದೇ.

ಲೆಕ್ಕದ ನಡೆ ಸರಳ. ಹೋದ ವರ್ಷದ ಕೊನೆಗೆ ಹಾರ್ನ್ ಒಂದಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತಿತ್ತೋ ಅದೇ ಈ ವರ್ಷದ ಮೂಲ. ಆ ಮೂಲದಿಂದ ನೂರಕ್ಕೆ ಐದರಷ್ಟು ಇಳಿಸಬೇಕು. ಇಡೀ ಕಾರ್ಖಾನೆಯ ಟಾರ್ಗೆಟ್ಟನ್ನು ವಿಭಾಗಗಳಿಗೆ ಹಂಚುತ್ತೇವೆ: ತಾಮ್ರದ ತಂತಿ ಸುತ್ತುವವರಿಗೆ ಇಷ್ಟು, ತಗಡು ಒತ್ತುವವರಿಗೆ ಇಷ್ಟು, ಜೋಡಿಸುವ ಲೈನಿಗೆ ಇಷ್ಟು. ತಿಂಗಳು ತಿಂಗಳು ಟಾರ್ಗೆಟ್ಟನ್ನೂ ನಿಜ ಖರ್ಚನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇವೆ. ಇಳಿಸುವ ಉಪಾಯಗಳು ನನ್ನ ಕಂಪ್ಯೂಟರಿನಲ್ಲಿ ಹುಟ್ಟುವುದಿಲ್ಲ. ದಿನವಿಡೀ ಅದೇ ಕೆಲಸ ಮಾಡುವವರ ಕೈಯಲ್ಲಿ ಹುಟ್ಟುತ್ತವೆ. ಅವರು ಒಂದು ಹಾಳೆಯಲ್ಲಿ ಎಡಕ್ಕೆ 'ಮೊದಲು', ಬಲಕ್ಕೆ 'ಆಮೇಲೆ' ಎಂದು ಬರೆದುಕೊಡುತ್ತಾರೆ. ನಾನು ಅದನ್ನು ಅಳೆದು ಪೈಸೆಗೆ ಇಳಿಸುತ್ತೇನೆ.

ಜೋಡಿಸುವ ಲೈನಿನಲ್ಲಿ ಒಂಬತ್ತು ಜನ ಹೆಂಗಸರಿದ್ದರು. ಅವರ ಲೀಡರ್ ಗುಬ್ಬಿಯವರು. ಅವರ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರಂತೆ. ಗಂಡನದು ಅಲ್ಲೇ ಸ್ಟವ್, ಮಿಕ್ಸಿ ರಿಪೇರಿಯ ಪುಟ್ಟ ಅಂಗಡಿ. ಮನೆಯಲ್ಲಿ ಉರ್ದು, ಲೈನಿನಲ್ಲಿ ಗುಬ್ಬಿ ಕನ್ನಡ. ಹಣೆಗೆ ವಿಭೂತಿ ಹಚ್ಚಿಕೊಂಡು ಬರುವವರಿಂದ ಹಿಡಿದು ಎಲ್ಲರೂ ಅವರನ್ನು ಉರ್ದುವಿನ ಹಾಗೆ 'ಆಪಾ', ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಎರಡೋ ಮೂರೋ ವರ್ಷ ದೊಡ್ಡವರು. ನಾನೂ ಆಪಾ ಎನ್ನುತ್ತಿದ್ದೆ. ಅವರು ನನ್ನನ್ನು ಸರ್ ಎನ್ನುತ್ತಿದ್ದರು.

ಆಪಾ ಲೀಡರ್ ಆದರೂ ಕೈಕಟ್ಟಿ ನಿಂತವರಲ್ಲ. ಲೈನಿನ ಕೊನೆಯ ಜಾಗ, ಟ್ಯೂನಿಂಗ್, ಅವರದು. ಹಾರ್ನಿನ ಬೆನ್ನಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಚೂರು ತಿರುಗಿಸಿದರೆ ಸದ್ದು ತೆರೆಯುತ್ತದೆ, ಚೂರು ಹೆಚ್ಚಾದರೆ ಗಂಟಲು ಕಟ್ಟುತ್ತದೆ. ಎದುರಿಗೆ ಸದ್ದು ಅಳೆಯುವ ಮೀಟರು, ಕರೆಂಟ್ ಅಳೆಯುವ ಮೀಟರು ಎರಡೂ ಇದ್ದವು. ಆಪಾ ಕಿವಿಯಲ್ಲೇ ಮೊದಲು ಹಿಡಿದು ಆಮೇಲೆ ಮೀಟರಿನ ಕಡೆ ಕಣ್ಣೆತ್ತುತ್ತಿದ್ದರು. ಮೀಟರು ಅವರ ಮಾತನ್ನು ಒಪ್ಪಿಕೊಂಡಂತೆ ಕಾಣುತ್ತಿತ್ತು.

ಹಾರ್ನ್ ಮಾರುಕಟ್ಟೆಗೆ ಹೋದ ಮರುವರ್ಷ ನನ್ನ ಮೊದಲ ಟಾರ್ಗೆಟ್. ಲೈನಿನ ಖರ್ಚು ಹಾರ್ನ್ ಒಂದಕ್ಕೆ ಹನ್ನೆರಡು ರೂಪಾಯಿ ಇತ್ತು: ಕೂಲಿ, ಸ್ಕ್ರೂಗೆ ಹಚ್ಚುವ ಅರಗು, ಧೂಳು ಹಾರಿಸುವ ಗಾಳಿ, ಕರೆಂಟು, ಕೆಟ್ಟು ಎಸೆದ ಹಾರ್ನಿನ ನಷ್ಟ ಎಲ್ಲಾ ಸೇರಿ. ಅರವತ್ತು ಪೈಸೆ ಇಳಿಯಬೇಕಿತ್ತು. ಆಪಾ ತಂಡ ಅನಾಯಾಸವಾಗಿ ಇಳಿಸಿತು. ಟ್ರೇಗಳನ್ನು ಹತ್ತಿರಕ್ಕೆ ತಂದರು, ಸ್ಕ್ರೂಡ್ರೈವರನ್ನು ತಲೆಯ ಮೇಲಿಂದ ಇಳಿಬಿಟ್ಟರು. ಸೆಕೆಂಡುಗಳು ಉಳಿದವು. ಆ ವರ್ಷ ಆರ್ಡರ್ ಏರುತ್ತಿತ್ತು, ಉಳಿದ ಸೆಕೆಂಡಿನಲ್ಲಿ ಹೆಚ್ಚು ಹಾರ್ನ್ ಬಂದವು. ಹನ್ನೊಂದು ನಲವತ್ತಕ್ಕೆ ನಿಂತಿತು, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಆಪಾಗೆ ಅಭಿನಂದನೆ ಹೇಳಿದೆ. ಇಷ್ಟು ಕರಾರುವಾಕ್ಕಾಗಿ ಬಂದದ್ದಕ್ಕೆ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಲೆಕ್ಕದವರಿಗೆ ಸರಿ ಹೊಂದಿದ ಲೆಕ್ಕದ ಮೇಲೆ ಅನುಮಾನ ಬರುವುದು ಅಪರೂಪ.

ಎರಡನೇ ವರ್ಷ ಐವತ್ತೇಳು ಪೈಸೆ ಇಳಿಸಿ ಹತ್ತು ಎಂಬತ್ತಮೂರಕ್ಕೆ ಬರಬೇಕಿತ್ತು. ದಸರಾ ಹೊತ್ತಿಗೇ ಬಂದುಬಿಟ್ಟರು. ಆಯುಧಪೂಜೆಯ ದಿನ ಲೈನಿಗೆ ಬಾಳೆಕಂದು ಕಟ್ಟಿ, ಮಂಡಕ್ಕಿ ಹಂಚುವಾಗ ಟ್ಯೂನಿಂಗ್ ಮೇಜಿನ ಕೆಳಗಿನ ಡ್ರಾಯರಿನಿಂದ ಯಾರೋ ಕೈಗವಸು ತೆಗೆದರು. ಅದರಡಿ ನಾಲ್ಕಾಗಿ ಮಡಚಿದ ಹಾಳೆಗಳಿದ್ದವು. ನಾನು ಎತ್ತಿಕೊಂಡು ನೋಡಿದೆ. ಮೂರು ಕೈಜೆನ್ ಹಾಳೆ. ತುಂಬಿ, ಚಿತ್ರ ಬರೆದು, ದಿನಾಂಕದ ಜಾಗ ಮಾತ್ರ ಖಾಲಿ ಬಿಟ್ಟದ್ದು. ಹೆಂಗಸರು ಮುಸಿಮುಸಿ ನಕ್ಕರು. ಇದು ಆಪಾನ ಉಪ್ಪಿನಕಾಯಿ ಸರ್, ಕಷ್ಟದ ವರ್ಷಕ್ಕೆ ಅಂತ ಹಾಕಿಟ್ಟಿದಾರೆ ಎಂದು ಒಬ್ಬರು ಹೇಳಿದರು.

ಆಪಾ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ನನ್ನ ವೃತ್ತಿಯಲ್ಲಿ ಯಾವ ಪುಸ್ತಕವೂ ನನಗೆ ಅಷ್ಟು ಚೊಕ್ಕವಾಗಿ ಹೇಳಿರಲಿಲ್ಲ.

"ಸೆಕೆಂಡ್ ಉಳಿಸೋ ಐಡಿಯಾನೇ ಬೇರೆ, ಸಾಮಾನು ಉಳಿಸೋದೇ ಬೇರೆ ಸರ್. ಆರ್ಡರ್ ಏರೋ ವರ್ಷ ಸೆಕೆಂಡಿಂದು ಕೊಡ್ತೀನಿ, ಹಾರ್ನ್ ಜಾಸ್ತಿ ಬರ್ತವೆ, ಯಾರ್ಗೂ ತೊಂದ್ರೆ ಇಲ್ಲ. ಆರ್ಡರ್ ನಿಂತ ವರ್ಷ ಸೆಕೆಂಡ್ ಉಳಿಸಿದ್ರೆ ಏನಾಗುತ್ತೆ? ಒಬ್ಬಳು ಮಿಕ್ತಾಳೆ. ಅದಕ್ಕೇ ಸಾಮಾನಿಂದು ಎತ್ತಿಟ್ಟಿದೀನಿ. ಒಂಬತ್ತು ಜನ ಇದೀವಿ, ಒಂಬತ್ತು ಜನಾನೂ ಇರ್ಬೇಕು."

ಮೂರೂ ಹಾಳೆ ಸಾಮಾನು ಉಳಿಸುವಂಥವೇ. ಟ್ಯೂನಿಂಗ್ ಆದ ಸ್ಕ್ರೂ ಕದಲದಂತೆ ಅರಗು ಹಚ್ಚುತ್ತಾರೆ. ಬ್ರಷ್ ಬದಲು ಹನಿ ಬಾಟಲಿ ಇಟ್ಟರೆ ಅರ್ಧ ಅರಗು ಸಾಕು, ಇದು ಒಂದು. ಧೂಳು ಹಾರಿಸಲು ದಿನವಿಡೀ ಬುಸುಗುಟ್ಟುವ ಗಾಳಿ ಗನ್ನಿನ ಬದಲು ಟ್ರೇಯನ್ನೇ ಬೋರಲು ಹಾಕಿ ತಟ್ಟಿದರೆ ಸಾಕು, ಕಂಪ್ರೆಸರಿನ ಕರೆಂಟು ಉಳಿಯುತ್ತದೆ, ಇದು ಎರಡು. ಮೂರನೆಯದು ಅವರ ಕಿವಿಯಿಂದ ಬಂದದ್ದು. ಸ್ಕ್ರೂವನ್ನು ಜೋಡಿಸುವವರೇ ತಳ ಮುಟ್ಟಿಸಿ ಒಂದೂಕಾಲು ಸುತ್ತು ಹಿಂದಕ್ಕೆ ಬಿಟ್ಟು ಕಳಿಸಿದರೆ, ಟ್ಯೂನಿಂಗಿನಲ್ಲಿ ಚೂರು ತಿರುಗಿಸಿದರೆ ಸಾಕು. ಅತಿಯಾಗಿ ಬಿಗಿದು ಒಳಗಿನ ಪಾಯಿಂಟ್ ಸುಟ್ಟು ಹಾರ್ನ್ ಎಸೆಯುವುದು ತಪ್ಪುತ್ತದೆ. ನಾನು ಮನಸ್ಸಲ್ಲೇ ಕೂಡಿದೆ. ಎಪ್ಪತ್ತು ಪೈಸೆಯ ಆಸುಪಾಸು. ಆಮೇಲೆ ಅಳೆದಾಗ ಎಪ್ಪತ್ತಮೂರು ಬಂತು. ಹಾಳೆಗಳನ್ನು ಮಡಚಿ ಅವರ ಕೈಗೇ ವಾಪಸ್ಸು ಕೊಟ್ಟೆ. ಅಲ್ಲಿಗೆ ನಿಂತಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ.

ಡಿಸೆಂಬರಿನಲ್ಲಿ ತಂತಿ ಸುತ್ತುವ ವಿಭಾಗ ಕೈಕೊಟ್ಟಿತು. ಹೊಸ ಯಂತ್ರದಲ್ಲಿ ತಂತಿ ತುಂಡಾಗುತ್ತಿತ್ತು, ಅವರ ಖರ್ಚು ಇಳಿಯುವ ಬದಲು ಏರಿತ್ತು. ಇಡೀ ಕಾರ್ಖಾನೆಯ ಟಾರ್ಗೆಟ್ ತಪ್ಪುವ ಹಾಗಾಯಿತು. ನಮ್ಮ ಪ್ಲಾಂಟ್ ಹೆಡ್ ಒಳ್ಳೆಯ ಮನುಷ್ಯ, ಆದರೆ ಹೆಡ್ ಆಫೀಸಿನ ಫೋನ್ ಬಂದ ದಿನ ಒಳ್ಳೆಯ ಮನುಷ್ಯನಾಗಿರುತ್ತಿರಲಿಲ್ಲ. ಎಲ್ಲಿಂದಾದರೂ ತನ್ನಿ ಎಂದರು. ಎಲ್ಲಿದೆ ಎಂದು ನನಗೊಬ್ಬನಿಗೇ ಗೊತ್ತಿತ್ತು. ಅದೇ ವರ್ಷ ನನ್ನ ಬಡ್ತಿಯ ಕಡತವೂ ಅವರ ಮೇಜಿನ ಮೇಲಿತ್ತು. ಇದನ್ನೂ ಹೇಳಿಬಿಡಬೇಕು.

ಊಟದ ಬಿಡುವಿನಲ್ಲಿ ಆಪಾ ಹತ್ತಿರ ಹೋಗಿ ಕೂತೆ. ಪರಿಸ್ಥಿತಿ ಹೇಳಿದೆ. ಅವರು ಆಗದು ಎಂಬಂತೆ ತಲೆಯಾಡಿಸಿದರು. ಈಗ ಇಳಿಸಿದರೆ ಅದೇ ಮುಂದಿನ ವರ್ಷದ ಮೂಲ ಆಗುತ್ತಲ್ಲ, ಅದರ ಮೇಲೆ ಮತ್ತೆ ನೂರಕ್ಕೆ ಐದು ಕೇಳ್ತೀರಲ್ಲ ಎಂದರು. ಲೆಕ್ಕ ಅವರಿಗೆ ನನ್ನಷ್ಟೇ ತಿಳಿದಿತ್ತು. ಆಗ ನಾನು ಮಾತು ಕೊಟ್ಟೆ. ಟಾರ್ಗೆಟ್ಟಿಗಿಂತ ಹೆಚ್ಚು ಇಳಿಸಿದ್ದನ್ನು ಮುಂದಿನ ವರ್ಷಕ್ಕೆ ನಿಮ್ಮ ಲೈನಿನ ಹೆಸರಿಗೇ ಜಮಾ ಮಾಡಿಸುತ್ತೇನೆ, ಮೂಲವನ್ನು ಹತ್ತು ಎಂಬತ್ತಮೂರರಿಂದಲೇ ಹಿಡಿಸುತ್ತೇನೆ ಎಂದೆ. ಹಾಗೆ ಮಾಡಲು ಸಾಧ್ಯವಿತ್ತು. ಬೇರೆ ಕಾರ್ಖಾನೆಗಳಲ್ಲಿ ಮಾಡುತ್ತಾರೆ. ನಾನು ಸುಳ್ಳು ಹೇಳುತ್ತಿರಲಿಲ್ಲ, ಆ ಹೊತ್ತಿನಲ್ಲಿ.

"ನೀವ್ ಹೇಳ್ತಿದೀರ ಅಂತ ಕೊಡ್ತಿದೀನಿ ಸರ್" ಎಂದು ಆಪಾ ಡ್ರಾಯರ್ ಎಳೆದರು. ಮೂರು ಹಾಳೆಗೂ ಅಂದಿನ ದಿನಾಂಕ ಹಾಕಿ ಕೊಟ್ಟರು.

ಮಾರ್ಚ್ ಮುಗಿದಾಗ ಲೈನಿನ ಖರ್ಚು ಹತ್ತು ರೂಪಾಯಿ ಹತ್ತು ಪೈಸೆ. ಕಾರ್ಖಾನೆಯ ಟಾರ್ಗೆಟ್ ಕೂದಲೆಳೆಯಲ್ಲಿ ಉಳಿಯಿತು. ಪ್ಲಾಂಟ್ ಹೆಡ್ ಒಂಬತ್ತು ಜನರಿಗೂ ಸ್ಟೀಲ್ ಟಿಫಿನ್ ಕ್ಯಾರಿಯರ್ ಕೊಟ್ಟರು. ಫೋಟೋದಲ್ಲಿ ನಾನೂ ಇದ್ದೇನೆ, ಎಲ್ಲರಿಗಿಂತ ಅಗಲವಾಗಿ ನಗುತ್ತಾ.

ಏಪ್ರಿಲಿನ ಮೊದಲ ವಾರ ಹೊಸ ವರ್ಷದ ಟಾರ್ಗೆಟ್ ಹಂಚುವ ಮೀಟಿಂಗ್. ಹಿಂದಿನ ದಿನ ನಾನು ಮಾತು ಉಳಿಸಿಕೊಳ್ಳುವ ಹಾಗೆಯೇ ಪಟ್ಟಿ ತಯಾರು ಮಾಡಿದ್ದೆ. ಜೋಡಣೆ ಲೈನಿನ ಎದುರು ಒಂದು ಸಾಲು ಹೆಚ್ಚಿತ್ತು: ಹೋದ ವರ್ಷದ ಹೆಚ್ಚುವರಿ ಇಳಿಕೆ, ಎಪ್ಪತ್ತಮೂರು ಪೈಸೆ, ಈ ವರ್ಷಕ್ಕೆ ಜಮಾ. ಆ ಸಾಲು ಇದ್ದರೆ ಆಪಾ ಲೈನು ಇಳಿಸಬೇಕಾಗಿದ್ದದ್ದು ಐವತ್ತನಾಲ್ಕು ಪೈಸೆ, ಅದೂ ಹತ್ತು ಎಂಬತ್ತಮೂರರಿಂದ. ಅಂದರೆ ಅವರು ಆಗಲೇ ಗೆದ್ದು ಕೂತಿದ್ದರು, ಇಡೀ ವರ್ಷ ನೆಮ್ಮದಿ. ಆ ಸಾಲು ಇಲ್ಲದಿದ್ದರೆ ಹತ್ತು ಹತ್ತರಿಂದ ಮತ್ತೆ ಐವತ್ತು ಪೈಸೆ, ಕೈಯಲ್ಲಿ ಒಂದೂ ಉಪಾಯ ಇಲ್ಲದೆ.

ಪರದೆಯ ಮೇಲೆ ಪಟ್ಟಿ ಬಂತು. ಆ ವರ್ಷ ಸ್ಕೂಟರ್ ಕಂಪನಿಯವರ ಆರ್ಡರ್ ಏರುವುದಿಲ್ಲ ಎಂದು ಆಗ ತಾನೇ ಮಾತಾಗಿ ಎಲ್ಲರ ಮುಖ ಬಿಗಿದಿತ್ತು. ಪ್ಲಾಂಟ್ ಹೆಡ್ ಕೆಂಪು ದೀಪದ ಚುಕ್ಕೆಯನ್ನು ಆ ಸಾಲಿನ ಮೇಲೆ ನಿಲ್ಲಿಸಿದರು. ಇದೇನು ಎಂದು ಕೇಳಿದರು. ಗದರಲಿಲ್ಲ, ಬೈಯಲಿಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳಿದರು. ನಾನು ಎರಡು ವಾಕ್ಯ ಹೇಳಿದ್ದರೆ ಸಾಕಿತ್ತು. ಬಹುಶಃ ಒಪ್ಪುತ್ತಿದ್ದರು. ಒಪ್ಪದಿದ್ದರೂ ಹೇಳಿದ್ದೆ ಎಂಬುದು ಉಳಿಯುತ್ತಿತ್ತು.

"ಹಳೇ ಶೀಟಿಂದ ಉಳ್ಕೊಂಡಿದೆ ಸರ್" ಎಂದೆ. ಎಲ್ಲರೆದುರೇ ಆ ಸಾಲನ್ನು ಆರಿಸಿ ಅಳಿಸಿದೆ.

ಯಾಕೆ ಹಾಗೆ ಹೇಳಿದೆ ಎಂದು ಇವತ್ತಿಗೂ ನನ್ನನ್ನು ನಾನೇ ತರಾಟೆಗೆ ತೆಗೆದುಕೊಳ್ಳುತ್ತೇನೆ. ಬಡ್ತಿಯ ಕಾಗದ ಹಿಂದಿನ ವಾರವಷ್ಟೇ ಕೈಗೆ ಬಂದಿತ್ತು. ಬೇರೆ ವಿಭಾಗದವರೆಲ್ಲ ನಮಗೂ ಜಮಾ ಕೊಡಿ ಎಂದು ಮುಗಿಬೀಳುತ್ತಾರೆ ಎಂಬ ಭಯವಿತ್ತು. ಇವೆಲ್ಲ ಆಮೇಲೆ ಹುಡುಕಿಕೊಂಡ ಕಾರಣಗಳು. ನಿಜ ಏನೆಂದರೆ, ತುಂಬಿದ ಕೋಣೆಯಲ್ಲಿ ಎದ್ದು ನಿಂತು ಮಾತಾಡುವ ಗುಂಡಿಗೆ ನನಗಿರಲಿಲ್ಲ. ನಾನು ಹೇಡಿ. ಪೈಸೆ ಲೆಕ್ಕದಲ್ಲಿ ಮಾತ್ರ ಧೈರ್ಯಸ್ಥ.

ಮಧ್ಯಾಹ್ನ ಲೈನಿಗೆ ಹೋದಾಗ ಆಪಾ ಕಣ್ಣಲ್ಲೇ ಕೇಳಿದರು. ಹೊಸ ಟಾರ್ಗೆಟ್ ಹೇಳಿದೆ. ಅವರು ಒಂದು ಹಾರ್ನ್ ಟ್ಯೂನ್ ಮಾಡಿ ಕೆಳಗಿಟ್ಟು, ಮೀಟಿಂಗಲ್ಲಿ ನಮ್ಮ ವಿಷಯ ಹೇಳಿದ್ರಾ ಎಂದರು. ಹೇಳಿದೆ, ಒಪ್ಪಲಿಲ್ಲ ಎಂದೆ. ಅಷ್ಟು ಸಲೀಸಾಗಿ ಬಾಯಿಂದ ಬಂತು.

"ಹೇಳಿದ್ರಲ್ಲ, ಸಾಕು ಬಿಡಿ ಸರ್. ನಮ್ ಹಣೇಲಿ ಇಲ್ಲ" ಎಂದು ಮುಂದಿನ ಹಾರ್ನ್ ಎತ್ತಿಕೊಂಡರು.

ಮೂರು ತಿಂಗಳು ಅವರು ಕೈಕಟ್ಟಿ ಕೂರಲಿಲ್ಲ. ಟ್ಯೂಬ್‌ಲೈಟ್ ಕಡಿಮೆ ಮಾಡಿದರು. ಪ್ಯಾಕಿಂಗಿನ ರಟ್ಟು ಎರಡು ಸಲ ಬಳಸಿದರು. ಕೈಗವಸು ಒಗೆದು ಹಾಕಿಕೊಂಡರು. ಎಲ್ಲಾ ಸೇರಿ ಎರಡು ಮೂರು ಪೈಸೆ ಆಗುತ್ತಿತ್ತು, ಅದನ್ನೂ ಸಾಮಾನಿನ ಬೆಲೆ ಏರಿಕೆ ನುಂಗಿತು. ತಿಂಗಳ ಪರಿಶೀಲನೆಯಲ್ಲಿ ಜೋಡಣೆ ಲೈನಿನ ಕಾಲಂ ಮೂರು ಸಲ ಕೆಂಪಾಯಿತು. ಜುಲೈನಲ್ಲಿ ಪ್ಲಾಂಟ್ ಹೆಡ್ ಲೈನನ್ನು ಗಡಿಯಾರ ಹಿಡಿದು ಅಳೆಯಲು ಹೇಳಿದರು.

ನಾನೇ ಅಳೆದೆ. ಎರಡು ವರ್ಷದ ಸುಧಾರಣೆಗಳಿಂದ ಪ್ರತಿಯೊಬ್ಬರ ಕೈಯಲ್ಲೂ ಚೂರು ಚೂರು ಬಿಡುವು ಮಿಕ್ಕಿತ್ತು. ಆರ್ಡರ್ ಏರಿದ್ದರೆ ಆ ಚೂರುಗಳಲ್ಲಿ ಹಾರ್ನ್ ತುಂಬುತ್ತಿದ್ದವು. ಏರಿರಲಿಲ್ಲ. ಚೂರುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಕೆಲಸವನ್ನು ಮತ್ತೆ ಹಂಚಿದರೆ ಎಂಟು ಜನ ಸಾಕು. ಲೈನಿನ ಖರ್ಚಿನಲ್ಲಿ ಕೂಲಿಯ ಪಾಲು ಹಾರ್ನ್ ಒಂದಕ್ಕೆ ನಾಲ್ಕೂವರೆ ರೂಪಾಯಿ. ಒಂಬತ್ತು ಜನ, ತಲೆಗೆ ಐವತ್ತು ಪೈಸೆ. ನಮ್ಮ ಟಾರ್ಗೆಟ್ಟೂ ಐವತ್ತು ಪೈಸೆ. ಲೆಕ್ಕ ಇಷ್ಟು ಸರಿಯಾಗಿ ಕೂತದ್ದನ್ನು ಕಂಡು ಇನ್ನೊಂದು ಸಲ ಅಳೆದೆ, ಅಷ್ಟೇ ಬಂತು.

ಕೈಜೆನ್‌ನಿಂದ ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲ ಎಂದು ನಮ್ಮ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ. ಲೈನಿನಿಂದ ಹೊರಬಂದವರನ್ನು ಬೇರೆ ಕಡೆ ಹಾಕಬೇಕು. ಆದರೆ ಯಾರನ್ನು ತೆಗೆಯುವುದು? ಸಿಬ್ಬಂದಿ ವಿಭಾಗದವರಿಗೆ ಸಂಶಯವೇ ಇರಲಿಲ್ಲ. ವಿಭೂತಿ ಹಚ್ಚಿಕೊಂಡು ಬರುವವರೊಬ್ಬರಿದ್ದರು ಎಂದೆನಲ್ಲ, ಎಲ್ಲರೂ ಅಕ್ಕ ಎನ್ನುತ್ತಿದ್ದ ಅವರು ಲೈನಿನಲ್ಲಿ ಎಲ್ಲರಿಗಿಂತ ನಿಧಾನ. ಅವರ ಹೆಸರನ್ನು ಪೆನ್ಸಿಲಿನಲ್ಲಿ ಬರೆದೂ ಇಟ್ಟಿದ್ದರು.

ಅದು ಆಪಾಗೆ ಗೊತ್ತಾಯಿತು. ಅವರು ನನ್ನ ಬಳಿ ಬಂದು, ನೀವೇ ಕೈಜೆನ್ ತರಬೇತಿಯ ಕ್ಲಾಸಿನಲ್ಲಿ ನಮಗೆ ಹೇಳಿಕೊಟ್ಟದ್ದನ್ನು ಮರೆತಿರಾ ಎಂದು ಕೇಳಿದರು. ಹೌದು, ಹೇಳಿಕೊಟ್ಟಿದ್ದೆ. ಲೈನಿನಿಂದ ಒಬ್ಬರನ್ನು ಬಿಡುಗಡೆ ಮಾಡುವುದಾದರೆ ನಿಧಾನದವರನ್ನಲ್ಲ, ಎಲ್ಲರಿಗಿಂತ ಚೆನ್ನಾಗಿ ಮಾಡುವವರನ್ನು ತೆಗೆಯಬೇಕು. ಚೆನ್ನಾಗಿ ಮಾಡುವವರು ಎಲ್ಲಿಗೆ ಹೋದರೂ ಬಾಳುತ್ತಾರೆ, ಅವರನ್ನು ಯಾವ ವಿಭಾಗವೂ ಬೇಡ ಎನ್ನುವುದಿಲ್ಲ. ನಿಧಾನದವರನ್ನು ತೆಗೆದರೆ ಸುಧಾರಣೆ ಎಂದರೆ ಶಿಕ್ಷೆ ಎಂದು ಎಲ್ಲರಿಗೂ ಅನ್ನಿಸುತ್ತದೆ, ಆಮೇಲೆ ಯಾರೂ ಉಪಾಯ ಹೇಳುವುದಿಲ್ಲ. ಜಪಾನಿನವರ ಈ ನಿಯಮವನ್ನು ನಾನು ಹಲಗೆಯ ಮೇಲೆ ಬರೆದು ಎರಡು ಸಲ ಗೆರೆ ಎಳೆದಿದ್ದೆ.

ಆಪಾ ಹಾಳೆ ಕೊಟ್ಟರು. ಎಡಕ್ಕೆ 'ಮೊದಲು ಒಂಬತ್ತು', ಬಲಕ್ಕೆ 'ಆಮೇಲೆ ಎಂಟು'. ಬಿಡುಗಡೆ ಮಾಡಬೇಕಾದವರು: ಟ್ಯೂನಿಂಗಿನಲ್ಲಿರುವವರು. ಕೆಳಗೆ ತಮ್ಮದೇ ಹೆಸರು.

ಬೇಡ ಎಂದೆ. ಬೇರೆ ದಾರಿ ಹೇಳಿ ಎಂದರು. ಅಕ್ಕನ ಹೆಸರು ಬರೆಯುವುದಾದರೆ ನೀವೇ ಪೆನ್ನಲ್ಲಿ ಬರೆಯಿರಿ ಎಂದರು. ಅದೂ ನನ್ನ ಕೈಲಾಗಲಿಲ್ಲ. ಅವರ ಹಾಳೆಗೆ ಸಹಿ ಹಾಕಿದೆ. ಒಂದು ತಿಂಗಳು ಅಕ್ಕನಿಗೆ ಟ್ಯೂನಿಂಗ್ ಕಲಿಸಿ, ಮೀಟರು ನೋಡುವ ಮೊದಲು ಕಿವಿ ಕೊಡುವುದನ್ನು ಕಲಿಸಿ, ಆಪಾ ಲೈನಿನಿಂದ ಇಳಿದರು. ಲೀಡರ್ ಕೆಲಸವೂ ಅಕ್ಕನಿಗೇ ಹೋಯಿತು.

ಹೊಸ ಲೈನ್ ಶುರುವಾಗುತ್ತದೆ, ಆಪಾಗೆ ಅಲ್ಲಿ ಜಾಗ ಎಂದು ಎಲ್ಲರೂ ನಂಬಿದ್ದೆವು. ಆ ಲೈನ್ ಮುಂದಕ್ಕೆ ಹೋಯಿತು. ಎರಡು ತಿಂಗಳು ಅವರು ತರಬೇತಿ ಕೋಣೆಯಲ್ಲಿ ಕುರ್ಚಿ ಎಣಿಸಿಕೊಂಡು ಕೂತರು. ಮಾಡಲು ಕೆಲಸ ಕೊಡಿ ಎಂದು ದಿನಾ ಕೇಳುತ್ತಿದ್ದರಂತೆ. ಆಮೇಲೆ ಕುಣಿಗಲ್‌ನಲ್ಲಿರುವ ನಮ್ಮ ಗೋಡೌನಿಗೆ ವರ್ಗ ಮಾಡಿದರು, ಡಬ್ಬಿಗಳಿಗೆ ಲೇಬಲ್ ಅಂಟಿಸುವ ಕೆಲಸಕ್ಕೆ. ಕೆಲಸ ಹೋಗಿಲ್ಲವಲ್ಲ, ಗೋಡೆಯ ಮೇಲಿನ ಮಾತು ಉಳಿಯಿತು. ಗುಬ್ಬಿಯಿಂದ ತುಮಕೂರಿಗೆ ರೈಲು, ತುಮಕೂರಿನಿಂದ ಕುಣಿಗಲ್‌ಗೆ ಬಸ್ಸು, ಸಂಜೆ ಮತ್ತೆ ಅದೇ.

ಕುಣಿಗಲ್ ನನ್ನ ಹುಟ್ಟೂರು. ಒಂದು ಶನಿವಾರ ತಾಲ್ಲೂಕು ಕಚೇರಿಯಲ್ಲಿ ಪಹಣಿಯ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದಾಗ ಆಪಾ ಕಂಡರು. ಬುರ್ಖಾದ ಮೇಲೆ ಬ್ಯಾಗ್ ನೇತುಹಾಕಿಕೊಂಡು, ತುಮಕೂರು ಬಸ್ಸಿನ ಬಾಗಿಲ ನೂಕುನುಗ್ಗಲಿನಲ್ಲಿ ಎರಡು ಸಲ ಹಿಂದಕ್ಕೆ ತಳ್ಳಿಸಿಕೊಂಡು ಮೂರನೇ ಸಲ ಹತ್ತಿದರು. ನಾನೂ ಅದೇ ಬಸ್ಸಿಗೆ ಬಂದವನು. ಹತ್ತಲಿಲ್ಲ. ಎಳನೀರಿನ ಗಾಡಿಯ ಹಿಂದೆ ನಿಂತು ಬಸ್ ಹೊರಡುವುದನ್ನು ಕಾದೆ. ಎಳನೀರಿನವನು ಗಂಜಿಯಾ ನೀರಾ ಎಂದು ಕೇಳಿದ. ಏನೋ ಒಂದು ಕೊಡಪ್ಪ ಎಂದೆ.

ನಾಲ್ಕು ತಿಂಗಳು ಓಡಾಡಿ ಅವರು ಕೆಲಸ ಬಿಟ್ಟರು. ಮಾರ್ಚ್ ಕೊನೆಗೆ ಲೈನಿನ ಖರ್ಚು ಒಂಬತ್ತು ಅರವತ್ತಕ್ಕೆ ಬಂತು. ಮೊದಲಿಗೆ ಟ್ಯೂನಿಂಗಿನಲ್ಲಿ ಒಂದಷ್ಟು ಹಾರ್ನ್ ಕೆಟ್ಟವು, ಆಮೇಲೆ ಅಕ್ಕ ಪಳಗಿದರು. ಅಲ್ಲೊಂದು ದೊಡ್ಡ ಅನಾಹುತ ಆಗಿ, ನೋಡಿ ಆಪಾನನ್ನು ಕಳಿಸಿದ್ದಕ್ಕೆ ಹೀಗಾಯ್ತು ಎಂದು ಹೇಳುವಂತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಹಾಗಾಗಲಿಲ್ಲ. ಎಲ್ಲವೂ ಸರಿಯಾಗಿಯೇ ನಡೆಯಿತು. ಆ ಕಾಲಂ ಹಸಿರಾಯಿತು.

ನನಗೆ ಮಾತ್ರ ಸರಿಯಾಗಲಿಲ್ಲ. ಹೋದ ವರ್ಷ ಶ್ರಾವಣದ ಒಂದು ಭಾನುವಾರ, ನಿಜ ಹೇಳಿಯೇ ಬರುವುದೆಂದು ಗಟ್ಟಿ ಮನಸ್ಸು ಮಾಡಿ ಗುಬ್ಬಿಗೆ ಹೋದೆ. ಹೆಂಡತಿಗೆ ಮೊದಲೇ ಎಲ್ಲ ಹೇಳಿದ್ದೆ. ಹೇಳಿ ಬನ್ನಿ, ಬೈದರೆ ಬೈಸಿಕೊಳ್ಳಿ ಎಂದಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಆ ಸಾಲನ್ನು ಅಳಿಸಿದ್ದು ನಾನೇ, ಯಾರೂ ಬೇಡ ಅನ್ನಲಿಲ್ಲ, ನಾನು ಕೇಳಲೇ ಇಲ್ಲ. ಇಷ್ಟೇ. ಹೇಳಿ ಎದ್ದು ಬರುವುದು.

ರಿಪೇರಿ ಅಂಗಡಿಯಲ್ಲಿ ಆಪಾ ಗಂಡನ ಪಕ್ಕದಲ್ಲೇ ಕೂತು ಮಿಕ್ಸಿಯೊಂದನ್ನು ಬಿಚ್ಚಿದ್ದರು. ನನ್ನನ್ನು ಕಂಡು ಎದ್ದು, ಸ್ಟೂಲು ಒರೆಸಿ ಕೂರಿಸಿದರು. ತಾವೇ ಎದುರಿನ ಹೋಟೆಲಿನವರಿಗೆ ಕೂಗಿ ಟೀ ಹೇಳಿದರು. ಆರೋಗ್ಯ, ಮಕ್ಕಳ ಓದು, ಲೈನಿನ ಅಕ್ಕನ ಕ್ಷೇಮ, ಎಲ್ಲಾ ವಿಚಾರಿಸಿದರು. ನಾನು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಗಂಡನ ಕಡೆ ತಿರುಗಿದರು.

"ನಾನ್ ಹೇಳ್ತಿರ್ಲಿಲ್ವಾ, ಇವ್ರೇ ಆ ಸರ್ರು. ಅಷ್ಟು ಜನ ಆಫೀಸರ್ ಇದ್ರಲ್ಲ ಮೀಟಿಂಗಲ್ಲಿ, ನಮ್ ಎಪ್ಪತ್ಮೂರು ಪೈಸೆಗೆ ಬಾಯಿ ಬಿಟ್ಟಿದ್ದು ಇವ್ರೊಬ್ರೇ."

ಗಂಡ ಎಣ್ಣೆ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ನನ್ನ ಕೈ ಹಿಡಿದರು. ಹಿಡಿದ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡ ಮಾತನ್ನು ಬಿಟ್ಟು, ಅಷ್ಟರಲ್ಲಿ ಬಂದ ಟೀ ಲೋಟವನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡೆ.

ಆಪಾ ಹೇಳುತ್ತಾ ಹೋದರು. ತಾವು ಬಿಟ್ಟ ಹೊಸದರಲ್ಲಿ ಲೈನಿನ ಹೆಂಗಸರು ನನ್ನನ್ನು ಚೆನ್ನಾಗಿ ಬೈಯುತ್ತಿದ್ದರಂತೆ, ಇನ್ನು ಮೇಲೆ ಆ ಮನುಷ್ಯನಿಗೆ ಒಂದು ಹಾಳೆಯನ್ನೂ ಕೊಡಬಾರದು ಎಂದಿದ್ದರಂತೆ. ಆಪಾ ಅವರನ್ನೆಲ್ಲ ಮನೆಗೆ ಕರೆಸಿ, ಇದೇ ಅಂಗಡಿಯ ಹಿಂದೆ ಕೂರಿಸಿ ತಿಳಿ ಹೇಳಿದರಂತೆ. ಸರ್ ನಮ್ಮ ಪರವಾಗಿ ಮಾತಾಡಿದವರು, ಅವರ ಮೇಲೆ ಸಿಟ್ಟು ಬೇಡ ಅಂತ. ಕಷ್ಟದ ವರ್ಷಕ್ಕೆ ಅಂತ ಎತ್ತಿಟ್ಟದ್ದು ಡ್ರಾಯರಿನಲ್ಲಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತದೆ, ಈ ಸಲ ಸರ್ ಹತ್ತಿರವೇ ಕೊಟ್ಟಿಡಿ ಅಂತ.

ನಾನು ಟೀ ಲೋಟ ಕೆಳಗಿಟ್ಟೆ. ಹಿಂದಿನ ವಾರ ಅಕ್ಕ ನನ್ನ ಮೇಜಿಗೆ ಬಂದು ನಾಲ್ಕು ಹಾಳೆ ಇಟ್ಟಿದ್ದರು. ನಿಮ್ಮತ್ರ ಇರ್ಲಿ ಸರ್ ಎಂದಷ್ಟೇ ಹೇಳಿ ಹೋಗಿದ್ದರು. ದಿನಾಂಕದ ಜಾಗ ಖಾಲಿಯಿತ್ತು. ನನ್ನನ್ನು ನಂಬಿ ಎತ್ತಿಡಲು ಕೊಟ್ಟಿದ್ದಾರೆ ಎಂದು ಹೊಳೆಯಲಿಲ್ಲ, ಮರೆತಿರಬೇಕು ಎಂದುಕೊಂಡು ನಾನೇ ಅಂದಿನ ದಿನಾಂಕ ಹಾಕಿದೆ. ಒಳ್ಳೆಯ ಉಪಾಯಗಳು, ನಾಲ್ಕೂ ಸಾಮಾನು ಉಳಿಸುವಂಥವು. ಅಂದೇ ಅಳೆದು, ಆ ವರ್ಷದ ಪಟ್ಟಿಗೆ ಏರಿಸಿ, ಪ್ಲಾಂಟ್ ಹೆಡ್‌ಗೆ ಕಳಿಸಿದ್ದೆ. ಜೋಡಣೆ ಲೈನ್ ಟಾರ್ಗೆಟ್ ದಾಟಿದೆ ಎಂದು ಅವರು ಎಲ್ಲರಿಗೂ ಮೇಲ್ ಹಾಕಿದ್ದರು.

ಆಪಾ ಮಿಕ್ಸಿಯ ಬ್ಲೇಡನ್ನು ಬೆಳಕಿಗೆ ಹಿಡಿದು ನೋಡುತ್ತಾ, "ಅಕ್ಕ ಕೊಟ್ಟಿದಾಳಂತಲ್ಲ ಸರ್. ಜೋಪಾನವಾಗಿ ಇಟ್ಟಿದೀರಲ್ಲ?" ಎಂದು ಕೇಳಿದರು.

ಇಟ್ಟಿದ್ದೇನೆ ಎಂದೆ.